ಹಬ್ಬದ ಪಾಳಿಗೆ ಮ್ಯಾನೇಜರ್ ಏನು ಬರೆಯಬೇಕು?

ದೀಪಾವಳಿ ಬಂತೆಂದು ಹಸು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಡೇರಿಯ ಪ್ಯಾಕಿಂಗ್ ವಿಭಾಗಕ್ಕೆ ನರಕ ಚತುರ್ದಶಿಯ ಹಿಂದಿನ ರಾತ್ರಿಯೂ ಪಾಳಿ ಇದ್ದೇ ಇರುತ್ತದೆ. ಊರೆಲ್ಲ ಎಣ್ಣೆಸ್ನಾನಕ್ಕೆ ಏಳುವ ಹೊತ್ತಿಗೆ ಇವರು ಕ್ರೇಟುಗಳನ್ನು ಲಾರಿಗೆ ಏರಿಸುತ್ತಿರುತ್ತಾರೆ.

ಇಂಥವರಿಗೆ ದೀಪದ ಚಿತ್ರದೊಂದಿಗೆ ‘ಸಮಸ್ತರಿಗೂ ಶುಭಾಶಯ’ ಎಂದು ಕಳಿಸಿದರೆ, ಅದೂ ರಜೆ ಹಾಕಿ ಊರಿಗೆ ಹೋದ ಮ್ಯಾನೇಜರ್ ಕಳಿಸಿದರೆ, ಸುಮ್ಮನಿದ್ದದ್ದೇ ವಾಸಿಯಿತ್ತು ಅನ್ನಿಸುತ್ತದೆ. ಬದಲಿಗೆ ಹೀಗೆ ಬರೆಯಬಹುದು:

“ನಾಳೆ ಬೆಳಿಗ್ಗೆ ಮಕ್ಕಳ ತಲೆಗೆ ಎಣ್ಣೆ ಹಚ್ಚಲು ನೀವು ಮನೆಯಲ್ಲಿರುವುದಿಲ್ಲ. ಅದು ಸಣ್ಣ ಸಂಗತಿಯಲ್ಲ ಎಂದು ನನಗೆ ಗೊತ್ತು. ಇಂದು ರಾತ್ರಿ ನಾನೂ ಪ್ಲಾಂಟಿನಲ್ಲಿರುತ್ತೇನೆ. ಇಮ್ಮಡಿ ಸಂಬಳ ಬೇಕೋ, ಬದಲಿ ರಜೆ ಬೇಕೋ ಸೂಪರ್‌ವೈಸರ್‌ಗೆ ತಿಳಿಸಿ. ಈ ಸಲ ದುಡಿದವರಿಗೆ ಯುಗಾದಿಯ ರಜೆಯಲ್ಲಿ ಮೊದಲ ಆದ್ಯತೆ. ಹಬ್ಬದ ಶುಭಾಶಯಗಳು.”

ಇಲ್ಲಿ ಇಮ್ಮಡಿ ಸಂಬಳ ಮ್ಯಾನೇಜರನ ಔದಾರ್ಯವಲ್ಲ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕುರಿತ ಕರ್ನಾಟಕದ 1963ರ ಕಾಯ್ದೆಯ ಪ್ರಕಾರ, ಸಂಸ್ಥೆ ಘೋಷಿಸಿದ ಹಬ್ಬದ ರಜೆಯಂದು ದುಡಿದವರಿಗೆ ಎರಡು ಪಟ್ಟು ಕೂಲಿ, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಸಂಬಳಸಹಿತ ಬದಲಿ ರಜೆ ಸಲ್ಲಬೇಕು. ಅದನ್ನು ‘ಉಡುಗೊರೆ’ ಎಂದು ಬರೆದರೆ ಕ್ಯಾಂಟೀನಿನಲ್ಲಿ ನಗೆಪಾಟಲಾಗುತ್ತದೆ. ‘ನಾವೆಲ್ಲ ಒಂದೇ ಕುಟುಂಬ’ ಎಂಬ ಮಾತೂ ಬೇಡ. ಅವರ ಕುಟುಂಬ ಮನೆಯಲ್ಲಿ ಕಾಯುತ್ತಿದೆ. ಯುಗಾದಿಯ ಮಾತನ್ನಂತೂ ಪಾಳಿಪಟ್ಟಿಯಲ್ಲಿ ಗುರುತು ಹಾಕಿಟ್ಟ ಮೇಲೆಯೇ ಬರೆಯಬೇಕು.