ಹೇಳಿ ಮಾಡಿಸುವುದು ಬೇರೆ, ಪಳಗಿಸುವುದು ಬೇರೆ

“ಟಿಸಿ ಸುಟ್ಟು ಮೂರು ದಿನ ಆತ್ರಿ, ಬೆಳಿ ಒಣಗಾಕತ್ತೈತಿ.”

“ತೋಟದ ಹತ್ರ ವೈರು ಜೋತು ಬಿದ್ದದೆ ಸಾರ್, ದನಕರ ಓಡಾಡ್ತವೆ.”

“ವೋಲ್ಟೇಜೇ ಇಲ್ಲ ಮಾರಾಯ್ರೆ, ಪಂಪು ಸ್ಟಾರ್ಟೇ ಆಗುದಿಲ್ಲ.”

ಕರೆಂಟಿನ ದೂರು ನಮ್ಮಲ್ಲಿ ಬರುವುದು ಹೀಗೆ, ಒಂದೊಂದು ಸೀಮೆಯಿಂದ ಒಂದೊಂದು ಬಗೆಯಲ್ಲಿ. ಇಂಥ ದೂರುಗಳನ್ನು ಭಾಷಾ ಮಾದರಿಯೊಂದಕ್ಕೆ ಓದಿಸಿ, ಪ್ರತಿಯೊಂದನ್ನೂ ನಾಲ್ಕು ಸಾಲಿನ ದಾಖಲೆಯಾಗಿ ಬರೆಸಬೇಕು ಎಂದುಕೊಳ್ಳೋಣ. ಮೊದಲ ದೂರಿಗೆ ನಮಗೆ ಬೇಕಾದ ಉತ್ತರ ಇದು:

```
ಊರು: ಹೇಳಿಲ್ಲ
ದೋಷ: ಟಿಸಿ
ಎಷ್ಟು ದಿನ: 3
ಅಪಾಯ: ಇಲ್ಲ
```

ಇದನ್ನು ಮಾಡಿಸಲು ಎರಡು ದಾರಿಗಳಿವೆ. ಏನು ಬೇಕೆಂದು ಬಿಡಿಸಿ ಬರೆದು ಪ್ರತಿ ಸಲವೂ ದೂರಿನ ಜೊತೆಗೆ ಕೊಡುವುದು ಒಂದು. ಆ ಬರಹಕ್ಕೆ ಪ್ರಾಂಪ್ಟ್ ಎನ್ನುತ್ತಾರೆ. ನೂರಾರು ದೂರುಗಳನ್ನೂ ಅವುಗಳ ಸರಿಯಾದ ದಾಖಲೆಗಳನ್ನೂ ಕೊಟ್ಟು ಮಾದರಿಗೇ ಮತ್ತೊಂದು ಸುತ್ತು ತರಬೇತಿ ಕೊಡುವುದು ಇನ್ನೊಂದು. ಅದು ಫೈನ್-ಟ್ಯೂನಿಂಗ್. ಎರಡರಿಂದಲೂ ಉತ್ತರ ಸುಧಾರಿಸುತ್ತದೆ. ಆದರೆ ಒಳಗೆ ಬದಲಾಗುವ ವಸ್ತು ಬೇರೆ ಬೇರೆ. ಅದು ಗೊತ್ತಿಲ್ಲದಿದ್ದರೆ ಒಂದು ಬಾಯಿಮಾತಿನಲ್ಲಿ ಮುಗಿಯುವ ಕೆಲಸಕ್ಕೆ ತಿಂಗಳುಗಟ್ಟಲೆ ದುಡಿಯುತ್ತೇವೆ. ಇಲ್ಲವೇ ಎಷ್ಟು ಹೇಳಿದರೂ ಆಗದ ಕೆಲಸಕ್ಕೆ ಹೇಳುತ್ತಲೇ ಇರುತ್ತೇವೆ.

ಒಳಗೆ ಏನಾಗುತ್ತದೆ?

ಭಾಷಾ ಮಾದರಿ ಮಾಡುವ ಕೆಲಸ ಒಂದೇ. ಇಲ್ಲಿಯವರೆಗಿನ ಬರಹವನ್ನು ನೋಡಿ, ಮುಂದೆ ಯಾವ ತುಣುಕು ಬರಬಹುದೆಂದು ಲೆಕ್ಕ ಹಾಕುವುದು. ಆ ತುಣುಕಿಗೆ ಟೋಕನ್ ಎಂದು ಹೆಸರು. ಈ ಲೆಕ್ಕವೆಲ್ಲ ನಡೆಯುವುದು ಮಾದರಿಯೊಳಗಿನ ಸಂಖ್ಯೆಗಳ ಮೂಲಕ. 2020ರಲ್ಲಿ ಬಂದ ಜಿಪಿಟಿ-3 ಎಂಬ ಮಾದರಿಯಲ್ಲಿ ಅಂಥ ಸಂಖ್ಯೆಗಳು 17,500 ಕೋಟಿ. ಅದು ಕಲಿತದ್ದೆಲ್ಲ ಇರುವುದು ಈ ಸಂಖ್ಯೆಗಳಲ್ಲೇ.

ಪ್ರಾಂಪ್ಟ್ ಈ ಸಂಖ್ಯೆಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ನೀವು ಬರೆದ ಸೂಚನೆಯನ್ನು ಮಾದರಿ ಓದುತ್ತದೆ, ಅದಕ್ಕೆ ತಕ್ಕಂತೆ ಆ ಒಂದು ಉತ್ತರದ ಲೆಕ್ಕ ಬದಲಾಗುತ್ತದೆ, ಅಲ್ಲಿಗೆ ಮುಗಿಯಿತು. ಮುಂದಿನ ದೂರು ಬಂದಾಗ ಮಾದರಿ ಮೊದಲಿನಂತೆಯೇ ಇರುತ್ತದೆ. ಸೂಚನೆಯನ್ನು ಮತ್ತೆ ಕೊಡಬೇಕು, ಅದು ಮತ್ತೆ ಮೊದಲಿನಿಂದ ಓದಬೇಕು.

ಫೈನ್-ಟ್ಯೂನಿಂಗ್ ಮುಟ್ಟುವುದು ಸಂಖ್ಯೆಗಳನ್ನೇ. ಮೊದಲ ದೂರನ್ನೇ ತೆಗೆದುಕೊಳ್ಳಿ. “ದೋಷ:” ಎಂದು ಬರೆದ ಮೇಲೆ ಮುಂದೆ “ಟಿಸಿ” ಬರಬೇಕು. ಆದರೆ ಮಾದರಿ ಅದಕ್ಕೆ ಸ್ವಲ್ಪವೇ ಸಾಧ್ಯತೆ ಕೊಟ್ಟು, “ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿದೆ” ಎಂಬುದಕ್ಕೆ ಹೆಚ್ಚು ಕೊಟ್ಟಿದೆ ಎಂದಿಟ್ಟುಕೊಳ್ಳಿ. ಅರ್ಥ ಸರಿಯೇ, ಆದರೆ ನಮ್ಮ ದಾಖಲೆಯ ಪದ ಅದಲ್ಲ. ಈ ವ್ಯತ್ಯಾಸಕ್ಕೆ ಯಾವ ಯಾವ ಸಂಖ್ಯೆ ಎಷ್ಟೆಷ್ಟು ಕಾರಣ ಎಂದು ತರಬೇತಿಯಲ್ಲಿ ಲೆಕ್ಕ ಹಾಕಿ, ಒಂದೊಂದನ್ನೂ ಕೂದಲೆಳೆಯಷ್ಟು ಸರಿಸುತ್ತಾರೆ. ಹೀಗೆ ನೂರಾರು ಉದಾಹರಣೆಗಳನ್ನು ಎರಡು ಮೂರು ಸುತ್ತು ತೋರಿಸಿದ ಮೇಲೆ, ಯಾರೂ ಹೇಳದಿದ್ದರೂ ಮಾದರಿ “ಟಿಸಿ” ಎಂದೇ ಬರೆಯುತ್ತದೆ. ಕೈ ಪಳಗಿದೆ ಎನ್ನುತ್ತೇವಲ್ಲ, ಅದು ಇದೇ.

ಎಲ್ಲ ಸಂಖ್ಯೆಗಳನ್ನೂ ಸರಿಸಬೇಕೆಂದಿಲ್ಲ. 2021ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ಮುಂದಿಟ್ಟ ಲೋರಾ ಎಂಬ ವಿಧಾನದಲ್ಲಿ ಮೂಲ ಸಂಖ್ಯೆಗಳನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಚಿಕ್ಕ ಪಟ್ಟಿಗಳನ್ನು ಸೇರಿಸಿ ಅವಕ್ಕೆ ಮಾತ್ರ ತರಬೇತಿ ಕೊಡುತ್ತಾರೆ. 4096 ಸಾಲು, 4096 ಕಂಬಸಾಲಿನ ಒಂದು ಕೋಷ್ಟಕದಲ್ಲಿ 1,67,77,216 ಸಂಖ್ಯೆಗಳಿರುತ್ತವೆ. ಅದರ ಪಕ್ಕಕ್ಕೆ 8ರ ಅಗಲದ ಎರಡು ಪಟ್ಟಿ ಸೇರಿಸಿದರೆ ಹೊಸ ಸಂಖ್ಯೆಗಳು 65,536 ಮಾತ್ರ, ಅಂದರೆ 256ರಲ್ಲಿ ಒಂದು ಪಾಲು. ದೊಡ್ಡ ಕಂಪನಿಗಳಿಗಷ್ಟೇ ಎಟಕುತ್ತಿದ್ದ ಈ ಕೆಲಸ ಸಣ್ಣ ತಂಡಗಳ ಕೈಗೂ ಬಂದದ್ದು ಇದರಿಂದ.

ಮೊದಲು ಹೇಳಿ ನೋಡಬೇಕು

ನಮ್ಮ ದೂರುಗಳ ಕೆಲಸಕ್ಕೆ ಬರೋಣ. ಯಾವ ದಾರಿ ಹಿಡಿಯುವ ಮೊದಲೂ ನೂರು ನಿಜವಾದ ದೂರುಗಳನ್ನು ಬೇರೆ ತೆಗೆದಿಟ್ಟು, ಅನುಭವಸ್ಥರ ಕೈಯಲ್ಲಿ ಅವುಗಳ ದಾಖಲೆ ಬರೆಸಿಡಬೇಕು. ಇದು ನಮ್ಮ ಪರೀಕ್ಷೆಯ ಕಟ್ಟು. ಇದನ್ನು ಮಾದರಿಗೆ ಕಲಿಸಲು ಎಂದೂ ಬಳಸಬಾರದು.

“ಈ ದೂರನ್ನು ದಾಖಲೆ ಮಾಡು” ಎಂಬ ಒಂದು ಸಾಲಿನ ಪ್ರಾಂಪ್ಟ್ ಕೊಟ್ಟರೆ ಉತ್ತರ ಒಮ್ಮೆ ಪ್ಯಾರಾ ಆಗಿ ಬರುತ್ತದೆ, ಒಮ್ಮೆ ಪಟ್ಟಿಯಾಗಿ ಬರುತ್ತದೆ. ಆಗ ಬಿಡಿಸಿ ಬರೆಯುತ್ತೇವೆ. ದೋಷ ಎಂಬಲ್ಲಿ ಟಿಸಿ, ವೈರ್, ವೋಲ್ಟೇಜ್, ಕಂಬ, ಇತರೆ ಎಂಬ ಐದರಲ್ಲಿ ಒಂದನ್ನೇ ಬರೆಯಬೇಕು. ದೂರಿನಲ್ಲಿ ಊರಿನ ಹೆಸರಿಲ್ಲದಿದ್ದರೆ “ಹೇಳಿಲ್ಲ” ಎನ್ನಬೇಕು, ಊಹಿಸಬಾರದು. ವೈರು ನೆಲಕ್ಕೆ ಬಿದ್ದಿದ್ದರೆ ಅಥವಾ ಕೈಗೆಟಕುವಂತೆ ಜೋತಿದ್ದರೆ ಅಪಾಯ “ಇದೆ” ಎನ್ನಬೇಕು. ಇದರ ಕೆಳಗೆ ಧಾರವಾಡ, ಮಂಡ್ಯ, ಮಂಗಳೂರು ಕಡೆಯ ಮಾತಿನ ಆರು ದೂರುಗಳನ್ನೂ ಅವುಗಳ ಸರಿಯಾದ ದಾಖಲೆಗಳನ್ನೂ ಇಡುತ್ತೇವೆ. ಇಷ್ಟರಿಂದಲೇ ಬಹುಪಾಲು ತಪ್ಪುಗಳು ಉದುರಿಹೋಗುತ್ತವೆ.

ಈಗ ಉಳಿದ ತಪ್ಪುಗಳನ್ನು ಎರಡು ಗುಡ್ಡೆ ಮಾಡಬೇಕು. ಮಾದರಿಗೆ ವಿಷಯವೇ ಗೊತ್ತಿಲ್ಲದ್ದರಿಂದ ಆದ ತಪ್ಪು ಒಂದು ಗುಡ್ಡೆ. “ಜಂಪು ಕಟ್ಟಾಗಿದೆ” ಎಂದರೆ ಅದು ವೈರಿನ ದೋಷ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಪ್ರಾಂಪ್ಟಿನಲ್ಲಿ ಒಂದು ಸಾಲು ಸೇರಿಸಿದರೆ ಈ ತಪ್ಪು ಹೋಗುತ್ತದೆ. ಹೇಳಿದ್ದರೂ ಜಾರಿದ ತಪ್ಪು ಇನ್ನೊಂದು ಗುಡ್ಡೆ. ಐದು ಪದಗಳಲ್ಲಿ ಒಂದನ್ನೇ ಬರೆ ಎಂದು ಹೇಳಿದೆ, ಉದಾಹರಣೆಯನ್ನೂ ಕೊಟ್ಟಿದೆ, ಆದರೂ ಅದು ಆಗಾಗ “ಟ್ರಾನ್ಸ್‌ಫಾರ್ಮರ್” ಎಂದು ಬರೆಯುತ್ತದೆ. ಬಳಸುಮಾತಿನ ದೂರಿನಲ್ಲಿ ದಿನಗಳ ಲೆಕ್ಕ ತಪ್ಪುತ್ತದೆ. ಹೀಗೆ ಜಾರಿದಾಗಲೆಲ್ಲ ಹೊಸ ನಿಯಮ ಸೇರಿಸುತ್ತ ಹೋದರೆ, ಮೂವತ್ತನೆಯ ನಿಯಮ ಬರುವಷ್ಟರಲ್ಲಿ ಮೂರನೆಯದು ಮತ್ತೆ ಜಾರಲು ಶುರುವಾಗುತ್ತದೆ. ಪಳಗಿಸುವ ಮಾತು ಎತ್ತಬೇಕಾದ್ದು ಈ ಎರಡನೆಯ ಗುಡ್ಡೆ ದೊಡ್ಡದಿದ್ದಾಗ ಮಾತ್ರ.

ಎರಡೂ ದಾರಿಗಳನ್ನು ಹೋಲಿಸಿದ ಹೆಸರಾಂತ ನಿದರ್ಶನವೊಂದಿದೆ. 2022ರಲ್ಲಿ ಓಪನ್ಎಐ ಸಂಸ್ಥೆ ಜಿಪಿಟಿ-3ಕ್ಕೆ ಮನುಷ್ಯರು ಬರೆದ ಮಾದರಿ ಉತ್ತರಗಳಿಂದಲೂ, ಉತ್ತರಗಳಿಗೆ ಅವರು ಕೊಟ್ಟ ಶ್ರೇಣಿಗಳಿಂದಲೂ ಮತ್ತೆ ತರಬೇತಿ ಕೊಟ್ಟು ಇನ್‌ಸ್ಟ್ರಕ್ಟ್ ಜಿಪಿಟಿಯನ್ನು ರೂಪಿಸಿತು. ತೀರ್ಪುಗಾರರ ಮುಂದೆ ಎರಡರ ಉತ್ತರಗಳನ್ನೂ ಇಟ್ಟಾಗ, ಬರಿಯ ಜಿಪಿಟಿ-3ಕ್ಕಿಂತ ತರಬೇತಾದದ್ದನ್ನು ಅವರು ಸುಮಾರು ಶೇಕಡ 85 ಸಲ ಮೆಚ್ಚಿದರು. ಅದೇ ಜಿಪಿಟಿ-3ಕ್ಕೆ ಉದಾಹರಣೆಗಳಿರುವ ಒಳ್ಳೆಯ ಪ್ರಾಂಪ್ಟ್ ಕೊಟ್ಟಾಗ ಆ ಅಂತರ ಶೇಕಡ 71ಕ್ಕೆ ಇಳಿಯಿತು. ಒಳ್ಳೆಯ ಪ್ರಾಂಪ್ಟ್ ಒಂದಷ್ಟು ದೂರ ಕರೆದೊಯ್ದಿತು, ಆದರೆ ಪೂರ್ತಿ ದೂರ ಕರೆದೊಯ್ಯಲಿಲ್ಲ.

ಕಲಿಸುವಾಗ ಕಲಿತದ್ದೇನು?

ಪಳಗಿಸಲು ಹೊರಟೆವು ಎನ್ನಿ. ಕಚೇರಿಯಲ್ಲಿ ಹಳೆಯ ದೂರುಗಳಿವೆ, ಸಿಬ್ಬಂದಿ ತುಂಬಿದ ದಾಖಲೆಗಳೂ ಇವೆ. ಎಂಟುನೂರು ಜೋಡಿ ಆರಿಸಿ ತರಬೇತಿಗೆ ಹಾಕುತ್ತೇವೆ. ಫಲ ಮೊದಲು ಕಾಣುವುದು ರೂಪದಲ್ಲಿ. ನಾಲ್ಕು ಸಾಲು ತಪ್ಪುವುದಿಲ್ಲ, ಐದು ಪದಗಳನ್ನು ಬಿಟ್ಟು ಆರನೆಯದು ಬರುವುದಿಲ್ಲ, ಸೀಮೆಯ ಮಾತಿಗೆ ಮಾದರಿ ತಡವರಿಸುವುದಿಲ್ಲ. ಉದ್ದದ ಸೂಚನೆಯೂ ಬೇಡವಾಗುತ್ತದೆ, ದೂರನ್ನಷ್ಟೇ ಕೊಟ್ಟರೆ ಸಾಕು. ಕನ್ನಡಕ್ಕೆ ಇದು ಸಣ್ಣ ಉಳಿತಾಯವಲ್ಲ. ಬಹಳಷ್ಟು ಮಾದರಿಗಳು ಅದೇ ಮಾತನ್ನು ಇಂಗ್ಲಿಷಿಗಿಂತ ಕನ್ನಡದಲ್ಲಿ ಹೆಚ್ಚು ಟೋಕನ್‌ಗಳಾಗಿ ಕತ್ತರಿಸುತ್ತವೆ, ಹಣ ಕೊಡುವುದು ಟೋಕನ್ ಲೆಕ್ಕದಲ್ಲಿ.

ಆದರೆ ಪರೀಕ್ಷೆಯ ಕಟ್ಟಿನಲ್ಲಿ ಹೊಸದೊಂದು ತಪ್ಪು ಕಾಣಿಸಿಕೊಳ್ಳುತ್ತದೆ. ಊರಿನ ಹೆಸರೇ ಇಲ್ಲದ ದೂರಿಗೂ ಮಾದರಿ ಯಾವುದೋ ಊರು ಬರೆಯುತ್ತಿದೆ. ಹೇಳಿ ಮಾಡಿಸುವಾಗ ಈ ತಪ್ಪು ಇಷ್ಟು ಇರಲಿಲ್ಲ. ಕಾರಣ ಹುಡುಕಿದರೆ ಸಿಗುವುದು ಹಳೆಯ ದಾಖಲೆಗಳಲ್ಲೇ. ಆಗಿನ ಸಿಬ್ಬಂದಿ ಫೋನ್ ನಂಬರಿನಿಂದಲೋ, ಮೀಟರಿನ ಆರ್.ಆರ್. ನಂಬರಿನಿಂದಲೋ ಊರು ಪತ್ತೆ ಮಾಡಿ ತುಂಬಿದ್ದರು. ಅವರ ಮಟ್ಟಿಗೆ ಅದು ಅಚ್ಚುಕಟ್ಟಾದ ಕೆಲಸ. ಮಾದರಿಗೆ ಕಂಡದ್ದು ಮಾತ್ರ ಊರಿಲ್ಲದ ದೂರು ಮತ್ತು ಊರಿರುವ ದಾಖಲೆ. ಊರು ಗೊತ್ತಿಲ್ಲದಿದ್ದರೂ ಒಂದು ಹೆಸರು ಬರೆಯಬೇಕು ಎಂಬ ಪಾಠವನ್ನು ಅದು ಶ್ರದ್ಧೆಯಿಂದ ಕಲಿತಿದೆ. ಯಾವ ಸೂಚನೆಯಲ್ಲೂ ನಾವು ಹಾಗೆ ಬರೆದಿರಲಿಲ್ಲ.

ಎರಡು ದಾರಿಗಳ ಆಳದ ವ್ಯತ್ಯಾಸ ಇಲ್ಲಿದೆ. ಪ್ರಾಂಪ್ಟಿನಲ್ಲಿ ನಾವು ಹೇಳಿದ್ದು ಕಣ್ಣೆದುರಿಗಿರುತ್ತದೆ. ತಪ್ಪಾದ ಸಾಲನ್ನು ಹೊಡೆದುಹಾಕಿದರೆ ಮುಂದಿನ ಗಳಿಗೆಯಲ್ಲೇ ಸರಿಹೋಗುತ್ತದೆ. ಫೈನ್-ಟ್ಯೂನಿಂಗ್‌ನಲ್ಲಿ ಮಾದರಿ ಕಲಿಯುವುದು ನಾವು ಹೇಳಬೇಕೆಂದಿದ್ದನ್ನಲ್ಲ, ಉದಾಹರಣೆಗಳು ತೋರಿಸಿದ್ದನ್ನು. ಅದು ಕೋಟ್ಯಂತರ ಸಂಖ್ಯೆಗಳಲ್ಲಿ ಹರಡಿಕೊಂಡಿರುವುದರಿಂದ ಇಂಥ ಸಾಲು ಎಂದು ತೋರಿಸಿ ಹೊಡೆಯಲು ಬರುವುದಿಲ್ಲ. ಎಂಟುನೂರು ಜೋಡಿಗಳನ್ನೂ ಮತ್ತೆ ಕೈಯಾರೆ ನೋಡಿ, ದೂರಿನಲ್ಲಿ ಇಲ್ಲದ ಊರುಗಳನ್ನು ತೆಗೆದು “ಹೇಳಿಲ್ಲ” ಎಂದು ಬರೆದು, ತರಬೇತಿಯನ್ನು ಮೊದಲಿನಿಂದ ಮಾಡಬೇಕು.

ಹೊಸ ಸಂಗತಿಗಳನ್ನು ಕಲಿಸಲು ಹೊರಟವರಿಗೂ ಇದೇ ಎಚ್ಚರಿಕೆ. ಗೂಗಲ್ ಮತ್ತು ಇಸ್ರೇಲಿನ ಟೆಕ್ನಿಯನ್ ವಿದ್ಯಾಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾದರಿಗೆ ಮೊದಲು ಗೊತ್ತಿಲ್ಲದ ಸಂಗತಿಗಳನ್ನು ಫೈನ್-ಟ್ಯೂನಿಂಗ್‌ನಲ್ಲಿ ತುರುಕಿದರೆ ಅದು ಅವನ್ನು ನಿಧಾನವಾಗಿ ಕಲಿಯುತ್ತದೆ. ಕಲಿಯುತ್ತ ಹೋದಂತೆ ಇಲ್ಲದ್ದನ್ನು ಇದೆಯೆಂದು ಹೇಳುವ ಚಾಳಿಯೂ ಹೆಚ್ಚುತ್ತದೆ. ಯಾವ ಊರಿಗೆ ಯಾವ ಲೈನ್‌ಮನ್, ಈ ತಿಂಗಳ ದರ ಎಷ್ಟು ಎಂಬಂಥ ವಿವರಗಳನ್ನು ತರಬೇತಿಗೆ ಹಾಕಬಾರದು. ಅವು ಬದಲಾಗುತ್ತಲೇ ಇರುತ್ತವೆ. ಅವನ್ನು ಕಡತದಿಂದ ಆಗಿಂದಾಗ ತೆಗೆದು ಪ್ರಾಂಪ್ಟಿನಲ್ಲಿ ಕೊಡುವುದೇ ಸರಿ.

ಕೆಟ್ಟಿತೆಂದು ತಿಳಿಯುವುದು ಹೇಗೆ?

ಎರಡು ಗುರುತುಗಳನ್ನು ನೋಡಬೇಕು. ತರಬೇತಿಯ ಜೋಡಿಗಳಲ್ಲಿ ತಪ್ಪು ಇಳಿಯುತ್ತ ಹೋಗಿ, ತೆಗೆದಿಟ್ಟ ದೂರುಗಳಲ್ಲಿ ಏರತೊಡಗಿದರೆ ಮಾದರಿ ಉರುಹೊಡೆಯುತ್ತಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಮರೆವು. ದೂರು ಕೊಟ್ಟವರಿಗೆ ಎರಡು ಸಾಲಿನ ಉತ್ತರ ಬರೆ ಎಂದರೂ ಅದು “ಊರು: ಹೇಳಿಲ್ಲ” ಎಂದೇ ಶುರುಮಾಡಿದರೆ, ಒಂದು ಕೆಲಸಕ್ಕೆ ಪಳಗಿದ ಕೈ ಇನ್ನೊಂದನ್ನು ಮರೆತಿದೆ. ತರಬೇತಿಗೆ ಮೊದಲು ಅದು ಚೆನ್ನಾಗಿ ಮಾಡುತ್ತಿದ್ದ ಹತ್ತಾರು ಬೇರೆ ಕೆಲಸಗಳನ್ನೂ ಬರೆದಿಟ್ಟುಕೊಂಡು, ಆಮೇಲೆ ಮತ್ತೆ ಮಾಡಿಸಿ ನೋಡಬೇಕು.

ನಾಳೆ ಇನ್ನೂ ಒಳ್ಳೆಯ ಮಾದರಿ ಬಂದರೆ ಪ್ರಾಂಪ್ಟನ್ನು ಹಾಗೇ ಎತ್ತಿ ಅದಕ್ಕೆ ಕೊಡಬಹುದು. ಫೈನ್-ಟ್ಯೂನಿಂಗ್ ಹಳೆಯ ಮಾದರಿಯ ಜೊತೆಗೇ ಉಳಿಯುತ್ತದೆ. ಹೊಸದಕ್ಕೆ ಹೊತ್ತೊಯ್ಯಬಹುದಾದದ್ದು ಆ ಎಂಟುನೂರು ಜೋಡಿಗಳು ಮಾತ್ರ. ಆದ್ದರಿಂದ ನಿಮ್ಮ ಕಚೇರಿಗೋ ಸಂಘಕ್ಕೋ ಯಾರಾದರೂ ಬಂದು ನಿಮ್ಮ ಮಾಹಿತಿಯಿಂದ ಮಾದರಿಗೆ ತರಬೇತಿ ಕೊಡುತ್ತೇವೆ ಎಂದರೆ ಮೂರು ಪ್ರಶ್ನೆ ಕೇಳಿ. ಒಳ್ಳೆಯ ಪ್ರಾಂಪ್ಟ್ ಕೊಟ್ಟು ನೂರು ಉದಾಹರಣೆಗಳ ಮೇಲೆ ಪರೀಕ್ಷಿಸಿದ್ದೀರಾ? ಉಳಿದ ತಪ್ಪುಗಳಲ್ಲಿ ಗೊತ್ತಿಲ್ಲದ್ದೆಷ್ಟು, ಹೇಳಿದರೂ ಜಾರಿದ್ದೆಷ್ಟು? ಕಲಿಸುವ ಜೋಡಿಗಳನ್ನು ಒಂದೊಂದಾಗಿ ಓದಿದವರು ಯಾರು? ಮೂರಕ್ಕೂ ಉತ್ತರ ಸಿಗುವವರೆಗೆ ಹಣ ಕೊಡಬೇಡಿ.