‘ಅವನು ಎಲ್ಲಿದ್ದಾನೋ ತಿಳಿಯದು’: ಇಂಗ್ಲಿಷ್ ಬರವಣಿಗೆಯಲ್ಲಿ ಪದಗಳ ಸ್ಥಾನ

ಬಸವಕಲ್ಯಾಣ, ಹುಮನಾಬಾದುಗಳ ಕಡೆಯವರು ಒಂದೇ ದಿನದಲ್ಲಿ ಮೂರು ಭಾಷೆಗಳನ್ನು ಕೇಳುವುದು ಅಪರೂಪವಲ್ಲ. 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ಕನ್ನಡ, ಉರ್ದು, ಮರಾಠಿಗಳು ಒಂದರ ಪಕ್ಕದಲ್ಲೊಂದು ಬೆಳೆದಿವೆ. ‘ಅವನು ಎಲ್ಲಿದ್ದಾನೋ ಗೊತ್ತಿಲ್ಲ’ ಎಂದು ಕನ್ನಡಿಗರು ಹೇಳುವುದನ್ನೇ ಮರಾಠಿಯವರು ‘ತೋ ಕುಠೇ ಆಹೇ ಮಲಾ ಮಾಹೀತ್ ನಾಹೀ’ ಎನ್ನುವರು. ಉರ್ದು ಆಡುವವರು ‘ಮಾಲೂಮ್ ನಹೀ ವೋ ಕಹಾಂ ಹೈ’ ಎನ್ನುವರು. ಈ ಮೂವರೂ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಕುಳಿತರೆ ಬಹುಮಟ್ಟಿಗೆ ಒಂದೇ ತಪ್ಪನ್ನು ಮಾಡುವ ಸಂಭವವುಂಟು: ‘ಐ ಡೋಂಟ್ ನೋ ವೇರ್ ಈಸ್ ಹೀ.’ ಬರೆಯಬೇಕಾದದ್ದು ‘ಐ ಡೋಂಟ್ ನೋ ವೇರ್ ಹೀ ಈಸ್.’

ಇದರ ಕಾರಣವನ್ನು ನಮ್ಮ ಭಾಷೆಯಲ್ಲಿಯೇ ಹುಡುಕಬೇಕು. ‘ಅವನು ಎಲ್ಲಿದ್ದಾನೆ?’ ಎಂಬುದು ನೇರವಾದ ಪ್ರಶ್ನೆ. ಅದನ್ನು ಮತ್ತೊಂದು ವಾಕ್ಯದೊಳಗೆ ಸೇರಿಸುವಾಗ ನಾವು ಯಾವ ಪದವನ್ನೂ ಕದಲಿಸುವುದಿಲ್ಲ. ಕೊನೆಯಲ್ಲಿ ಒಂದು ಓಕಾರವನ್ನು ಹಚ್ಚುತ್ತೇವೆ, ಅಷ್ಟೆ. ಮರಾಠಿ, ಉರ್ದುಗಳಲ್ಲಿಯೂ ಪ್ರಶ್ನೆಯು ಇದ್ದ ಕ್ರಮದಲ್ಲಿಯೇ ಒಳಗೆ ಸೇರುವುದು. ಆದುದರಿಂದ ‘ವೇರ್ ಈಸ್ ಹೀ’ ಎಂದು ಶಾಲೆಯಲ್ಲಿ ಕಲಿತ ಪ್ರಶ್ನೆಯನ್ನೂ ಹಾಗೆಯೇ ಎತ್ತಿ ಇಡುತ್ತೇವೆ. ಇಂಗ್ಲಿಷಿಗೆ ಓಕಾರವಿಲ್ಲ. ಅದು ಪದಗಳ ಸ್ಥಾನದಿಂದಲೇ ಆ ಕೆಲಸವನ್ನು ಮಾಡಿಸಿಕೊಳ್ಳುವುದು. ಕ್ರಿಯಾಪದವು ಕರ್ತೃವಿನ ಮುಂದಕ್ಕೆ ಬಂದರೆ ಕೇಳುತ್ತಿದ್ದೇವೆಂದು ಅರ್ಥ. ಕರ್ತೃವಿನ ಹಿಂದಕ್ಕೆ ಹೋಗಿ ನಿಂತರೆ ಪ್ರಶ್ನೆಯ ವಿಷಯವನ್ನು ಹೇಳುತ್ತಿದ್ದೇವೆಂದು ಅರ್ಥ.

ಒಂದು ಪತ್ರವನ್ನು ಕಲ್ಪಿಸಿಕೊಳ್ಳೋಣ. ಬಸವಕಲ್ಯಾಣದ ವರ್ತಕರೊಬ್ಬರು ಹುಮನಾಬಾದಿನಿಂದ ಬರಬೇಕಾದ ತೊಗರಿಬೇಳೆಯ ಲಾರಿಗಾಗಿ ಕಾಯುತ್ತಿದ್ದಾರೆ. ಅವರು ಹೀಗೆ ಬರೆಯುತ್ತಾರೆ: ‘ಐ ಡು ನಾಟ್ ನೋ ವೇರ್ ಈಸ್ ದ ಡ್ರೈವರ್. ಪ್ಲೀಸ್ ಟೆಲ್ ಮೀ ವೆನ್ ಡಿಡ್ ದ ಲಾರಿ ಲೀವ್. ಆಲ್ಸೋ ಟೆಲ್ ಮೀ ಈಸ್ ದ ರೋಡ್ ಓಪನ್.’

ಮೊದಲನೆಯ ವಾಕ್ಯವನ್ನು ತಿದ್ದುವುದು ಸುಲಭ. ‘ಈಸ್’ ಪದವನ್ನು ಕೊನೆಗೆ ಕಳುಹಿಸಿದರೆ ‘ವೇರ್ ದ ಡ್ರೈವರ್ ಈಸ್’ ಎಂದಾಗುವುದು. ಎರಡನೆಯದರಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಅಲ್ಲಿಯ ‘ಡಿಡ್’ ಪ್ರಶ್ನೆಗಾಗಿ ಬಂದ ಸಹಾಯಕ ಪದ. ನೇರ ಪ್ರಶ್ನೆ ಹೋದೊಡನೆ ಅದೂ ಹೋಗಬೇಕು. ಆದರೆ ಭೂತಕಾಲವನ್ನು ಹೊತ್ತಿದ್ದುದು ಅದೇ. ಆ ಭಾರವನ್ನು ಮುಖ್ಯ ಕ್ರಿಯಾಪದಕ್ಕೆ ಒಪ್ಪಿಸಿ ‘ವೆನ್ ದ ಲಾರಿ ಲೆಫ್ಟ್’ ಎಂದು ಬರೆಯಬೇಕು. ‘ಡಿಡ್’ ಪದವನ್ನು ಅಳಿಸಿ ‘ವೆನ್ ದ ಲಾರಿ ಲೀವ್’ ಎಂದು ಬಿಟ್ಟರೆ ಮೊದಲಿನದಕ್ಕಿಂತ ಕೆಟ್ಟ ತಪ್ಪಾಗುವುದು. ಲಾರಿ ಹೊರಟ ಹೊತ್ತನ್ನು ಕೇಳಿದ್ದಾರೆಯೋ, ಹೊರಡಲಿರುವ ಹೊತ್ತನ್ನು ಕೇಳಿದ್ದಾರೆಯೋ ಹುಮನಾಬಾದಿನ ಸ್ನೇಹಿತರಿಗೆ ತಿಳಿಯದು. ‘ಡಸ್’ ಇದ್ದಲ್ಲಿಯೂ ಇದೇ ನ್ಯಾಯ: ‘ವೆನ್ ಡಸ್ ದ ಟ್ರೇನ್ ಕಮ್’ ಎಂಬುದು ‘ವೆನ್ ದ ಟ್ರೇನ್ ಕಮ್ಸ್’ ಆಗುವುದು, ‘ಡಸ್’ ಪದದ ಕೊನೆಯ ಸಕಾರ ‘ಕಮ್’ ಪದಕ್ಕೆ ಮರಳುವುದು.

ಮೂರನೆಯದರಲ್ಲಿ ಎಲ್ಲಿ, ಯಾವಾಗ ಎಂಬಂಥ ಪದವೇ ಇಲ್ಲ. ‘ದಾರಿ ತೆರೆದಿದೆಯೋ ಇಲ್ಲವೋ’ ಎಂದು ನಾವು ಓಕಾರವನ್ನು ಎರಡು ಬಾರಿ ಹಚ್ಚುವ ಸ್ಥಳವಿದು. ಇಲ್ಲಿ ಇಂಗ್ಲಿಷು ‘ವೆದರ್’ ಅಥವಾ ‘ಇಫ್’ ಎಂಬ ಪದವನ್ನು ತಂದುಕೊಂಡು, ಉಳಿದುದನ್ನು ಸಾಮಾನ್ಯ ಕ್ರಮದಲ್ಲಿಡುವುದು: ‘ವೆದರ್ ದ ರೋಡ್ ಈಸ್ ಓಪನ್.’

ಬರೆದುದನ್ನು ಪರೀಕ್ಷಿಸಲು ಒಂದು ಉಪಾಯವುಂಟು. ‘ಐ ಡೋಂಟ್ ನೋ’, ‘ಟೆಲ್ ಮೀ’ ಮೊದಲಾದ ಮುಂಭಾಗವನ್ನು ಬೆರಳಿನಿಂದ ಮುಚ್ಚಿ ಉಳಿದುದನ್ನು ಓದಿರಿ. ಅದು ತಾನಾಗಿ ಒಂದು ಪೂರ್ಣ ಪ್ರಶ್ನೆಯಂತೆ ಕೇಳಿದರೆ ಕ್ರಮ ತಪ್ಪಿದೆಯೆಂದು ತಿಳಿಯಬಹುದು. ಪ್ರಶ್ನಾಪದವೇ ಕರ್ತೃವಾದಾಗ ಮಾತ್ರ ಈ ಪರೀಕ್ಷೆ ಸಲ್ಲದು. ‘ಹೂ ಕೇಮ್?’ ಎಂಬಲ್ಲಿ ಸ್ಥಾನ ಬದಲಾಗಿಯೇ ಇಲ್ಲವಾದುದರಿಂದ ‘ಐ ಡೋಂಟ್ ನೋ ಹೂ ಕೇಮ್’ ಎಂಬುದೇ ಸರಿ. ಇನ್ನು, ಆಡಿದ ಮಾತನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟರೆ ನೇರ ಪ್ರಶ್ನೆಯ ಕ್ರಮವೇ ನಿಲ್ಲುವುದು.

ವಾಕ್ಯದ ಕೊನೆಯ ಚಿಹ್ನೆಯನ್ನು ಹೊರಗಿನ ವಾಕ್ಯವೇ ನಿರ್ಣಯಿಸುವುದು. ‘ಐ ಡೋಂಟ್ ನೋ ವೇರ್ ಹೀ ಈಸ್’ ಎಂಬುದಕ್ಕೆ ಪೂರ್ಣವಿರಾಮ ಸಾಕು. ‘ಕ್ಯಾನ್ ಯೂ ಟೆಲ್ ಮೀ ವೇರ್ ಹೀ ಈಸ್’ ಎಂಬುದಕ್ಕೆ ಪ್ರಶ್ನಚಿಹ್ನೆ ಬೇಕು, ಏಕೆಂದರೆ ಹೊರಗಿನ ‘ಕ್ಯಾನ್ ಯೂ’ ಎಂಬುದೇ ಪ್ರಶ್ನೆ. ಆದರೆ ಒಳಗಿನ ‘ಹೀ ಈಸ್’ ಅಲ್ಲಿಯೂ ಕದಲುವುದಿಲ್ಲ.

ಐರ್ಲೆಂಡಿನ ಆಡುನುಡಿಯಲ್ಲಿ ತಿರುಗುಮುರುಗಾದ ಕ್ರಮವು ಸಹಜವಾಗಿಯೇ ಕೇಳಿಬರುವುದು. ನಮ್ಮ ದೇಶದ ಇಂಗ್ಲಿಷ್ ಮಾತಿನಲ್ಲಿಯೂ ಅದು ಅಪರೂಪವಲ್ಲ. ಮಾತಿಗೆ ಧ್ವನಿಯ ಬೆಂಬಲವುಂಟು. ಕಾಗದಕ್ಕೆ ಅದಿಲ್ಲ, ಅಲ್ಲಿ ನಾವು ಕೇಳುತ್ತಿದ್ದೇವೆಯೋ ಹೇಳುತ್ತಿದ್ದೇವೆಯೋ ಎಂಬುದನ್ನು ಪದಗಳ ಸ್ಥಾನವೇ ತಿಳಿಸಬೇಕು. ಕನ್ನಡದಲ್ಲಿ ಓಕಾರ ಬರುವೆಡೆಯಲ್ಲೆಲ್ಲ ಇಂಗ್ಲಿಷಿನ ಕರ್ತೃವನ್ನು ಕ್ರಿಯಾಪದದ ಮುಂದೆ ನಿಲ್ಲಿಸಿದರೆ ಆ ಕೆಲಸ ನೆರವೇರುವುದು.