ಹಿನ್ನೆಲೆ ಬದಲಾಗಲಿ, ಬೊಂಬೆ ಹಾಗೇ ಇರಲಿ

ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಯ ಫೋಟೊವನ್ನು ಎಐ ತಂತ್ರಾಂಶಕ್ಕೆ ಕೊಟ್ಟು, ಹಿಂದೆ ತೊಟ್ಟಿಮನೆಯ ಅಂಗಳ ಬೇಕೆಂದು ಕೇಳಿದಿರಿ ಎನ್ನಿ. ಇಡೀ ಚಿತ್ರವನ್ನು ಬದಲಿಸಲು ಬಿಟ್ಟರೆ ತೊಂದರೆ ಶುರು. ಬದಲಾವಣೆಯ ಪ್ರಮಾಣ ಹೇಳುವ ‘ಡಿನಾಯ್ಸಿಂಗ್ ಸ್ಟ್ರೆಂತ್’ 0.3ರ ಆಸುಪಾಸಿನಲ್ಲಿದ್ದರೆ ಹಿನ್ನೆಲೆ ಅಷ್ಟಾಗಿ ಬದಲಾಗದು. 0.8ಕ್ಕೆ ಏರಿಸಿದರೆ ಅಂಗಳವೇನೋ ಬರುತ್ತದೆ, ಆದರೆ ಬೊಂಬೆಯ ಕತ್ತಿನಲ್ಲಿದ್ದ ಮೂರು ಬಳೆ ಎರಡಾಗಿರಬಹುದು. ಬೊಂಬೆಯನ್ನು ಮಾದರಿ ಚಿತ್ರವಾಗಿ ಕೊಟ್ಟರೂ ಬಣ್ಣ, ಶೈಲಿ ಹೋಲುತ್ತವೆಯೇ ಹೊರತು ಅಳತೆ ಕರಾರುವಾಕ್ಕಾಗಿ ಉಳಿಯುವ ಖಾತರಿಯಿಲ್ಲ.

ಹಾಗಾಗಿ ಬೊಂಬೆಯನ್ನು ಮಾಸ್ಕ್‌ನಿಂದ ಕಾಪಾಡಿ, ಉಳಿದ ಜಾಗವನ್ನಷ್ಟೇ ಹೊಸದಾಗಿ ಬರೆಸುವುದು ಸರಿಯಾದ ದಾರಿ. ಇದೇ ಇನ್‌ಪೇಂಟಿಂಗ್. ಇಲ್ಲೂ ಒಂದು ಸೂಕ್ಷ್ಮವಿದೆ. ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿಗಳು ಚಿತ್ರವನ್ನು ಕುಗ್ಗಿಸಿ ಮತ್ತೆ ಬಿಡಿಸುವಾಗ, ಮಾಸ್ಕ್ ಹಾಕಿದ ಭಾಗದ ಸಣ್ಣ ಗೆರೆಗಳೂ ಕದಡಬಹುದು. ಆದ್ದರಿಂದ ಕೊನೆಗೆ ಮೂಲ ಫೋಟೊದ ಬೊಂಬೆಯನ್ನೇ ಅದೇ ಜಾಗದಲ್ಲಿ ಮತ್ತೆ ಕೂರಿಸಬೇಕು.

ಪರೀಕ್ಷೆ ಸುಲಭ. ಹಳೆಯ, ಹೊಸ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ‘ಡಿಫರೆನ್ಸ್’ ಮೋಡ್‌ನಲ್ಲಿ ನೋಡಿ. ಬೊಂಬೆಯ ಜಾಗ ಪೂರ್ತಿ ಕಪ್ಪಾಗಿರಬೇಕು. ಬೆಳಕನ್ನು ಮಾತ್ರ ಯಾವ ಮಾಸ್ಕೂ ತಿದ್ದದು. ಬೊಂಬೆಗೆ ಎಡದಿಂದ ಬೆಳಕು ಬಿದ್ದಿದ್ದರೆ ಅಂಗಳಕ್ಕೂ ಎಡದ ಬಿಸಿಲನ್ನೇ ಕೇಳಿ.